ಆರನೇ ಬೆಳ್ಳಕ್ಕಿ ಎಲ್ಲಿಂದ ಬಂತು?

ನಮಸ್ಕಾರ ಎಲ್ಲರಿಗೂ. ಶಿವಮೊಗ್ಗದಲ್ಲಿ ಬೆಳಗ್ಗೆಯಿಂದ ಮಳೆ ಬಿಟ್ಟಿಲ್ಲ, ಹಿಂದ್ಗಡೆ ಶೀಟಿನ ಮೇಲೆ ಬೀಳೋ ಸೌಂಡ್ ಕೇಳಿದ್ರೆ ಸ್ವಲ್ಪ ಸಹಿಸ್ಕೊಳ್ಳಿ.

ನಿಮಗೆ ಗೊತ್ತಲ್ಲ, ನಂದು ಕಾರ್ಡ್, ಬ್ಯಾನರ್ ಡಿಸೈನ್ ಮಾಡೋ ಕೆಲಸ. ಹೋದ ತಿಂಗಳು ತೀರ್ಥಹಳ್ಳಿ ಕಡೆಯಿಂದ ಒಬ್ರು ಬಂದಿದ್ರು, ಅವರಮ್ಮನಿಗೆ 80 ತುಂಬ್ತು, ಮನೇಲಿ ಒಂದು ಕಾರ್ಯಕ್ರಮ ಇಟ್ಕೊಂಡಿದೀವಿ, ಕಾರ್ಡ್ ಬೇಕು ಅಂತ. ಅಮ್ಮನಿಗೆ ಐದು ಜನ ಮಕ್ಕಳು, ಹಾಗಾಗಿ ಮಂಡಗದ್ದೇಲಿ ತುಂಗೆ ಮಧ್ಯದ ಮರಗಳಲ್ಲಿ ಕೂರ್ತಾವಲ್ಲ, ಆ ಥರ ಒಂದು ಕೊಂಬೆ ಮೇಲೆ ಐದು ಬೆಳ್ಳಕ್ಕಿ ಇರ್ಬೇಕು, ಮುಂದೆ ಮೂರು ದೀಪ ಇರ್ಬೇಕು, ಮೂರು ತಲೆಮಾರು ಅಂತ. ಚೆನ್ನಾಗಿದೆ ಐಡಿಯಾ ಅಂತ ನಾನೂ ಒಪ್ಕೊಂಡೆ. ನನ್ನ ಕಂಪ್ಯೂಟರಲ್ಲೇ ಓಡೋ ಒಂದು ಇಮೇಜ್ ಮಾಡೆಲ್ ಇದೆ, ಏನು ಬೇಕು ಅಂತ ಬರೆದ್ರೆ ಚಿತ್ರ ಮಾಡಿಕೊಡುತ್ತೆ, ಆ ಬರಹಕ್ಕೆ ಪ್ರಾಂಪ್ಟ್ ಅಂತಾರೆ. ಅದಕ್ಕೆ ಹೀಗೆ ಹಾಕ್ದೆ:

```
five white egrets on a bare branch over a river,
morning mist, three brass oil lamps in front
```

ಮೊದಲನೇ ಚಿತ್ರದಲ್ಲಿ ಏಳು ಹಕ್ಕಿ, ಐದು ದೀಪ. ಎರಡನೇದ್ರಲ್ಲಿ ನಾಲ್ಕು ಹಕ್ಕಿ, ದೀಪ ಎಷ್ಟು ಅಂತ ಹೇಳೋದೇ ಕಷ್ಟ, ಯಾಕಂದ್ರೆ ಒಂದು ದೀಪದ ಹಿತ್ತಾಳೆ ಮೈ ಪಕ್ಕದ್ದಕ್ಕೆ ಅಂಟ್ಕೊಂಡು ಎರಡು ಬತ್ತಿ ಒಂದೇ ಹಣತೆ ಥರ ಆಗಿತ್ತು. ಇಪ್ಪತ್ತು ಚಿತ್ರ ತೆಗೆದೆ, ಸರಿಯಾಗಿ ಐದು ಹಕ್ಕಿ ಬಂದಿದ್ದು ಮೂರರಲ್ಲಿ, ಆ ಮೂರರಲ್ಲೂ ಒಂದ್ರಲ್ಲಿ ಐದನೇ ಹಕ್ಕಿಗೆ ಕತ್ತು ಇತ್ತು, ಕಾಲಿರ್ಲಿಲ್ಲ.

ಇದನ್ನ ಎಲ್ಲಾದ್ರೂ ಹೇಳ್ಕೊಂಡ್ರೆ ತಕ್ಷಣ ಒಬ್ರು ಬರ್ತಾರೆ, "ನಿಮಗೆ ಪ್ರಾಂಪ್ಟ್ ಬರೆಯೋಕೆ ಬರಲ್ಲ ಬ್ರೋ" ಅಂತ. `exactly five` ಅಂತ ಹಾಕಿ, `5` ಅಂತ ಅಂಕಿಲಿ ಹಾಕಿ, ಎರಡು ಸಲ ಬರೀರಿ, ಅಂತೆಲ್ಲ. ಎಲ್ಲಾ ಮಾಡಿ ನೋಡಿದೀನಿ ಮಾರಾಯ್ರೆ. ನಾನು ಹೇಳೋದೇನು ಅಂದ್ರೆ ಇದು ಪ್ರಾಂಪ್ಟ್ ಬರೆಯೋ ಕೌಶಲದ ಪ್ರಶ್ನೆನೇ ಅಲ್ಲ, ಎಣಿಕೆ ಅನ್ನೋದನ್ನ ಪದದಲ್ಲಿ ಕೇಳೋದೇ ತಪ್ಪು ಜಾಗ.

ನಾವು ಅಂಗಡೀಲಿ "ಐದಾರು ಕೊಡಿ" ಅಂತೀವಲ್ಲ, "ನಾಲ್ಕೈದು ಜನ ಬಂದಿದ್ರು" ಅಂತೀವಲ್ಲ, ಆ ಮಾಡೆಲ್‌ಗೆ `five` ಅಂದ್ರೆ ಹೆಚ್ಚೂಕಡಿಮೆ ಅಷ್ಟೇ. ಅದು ಕಲ್ತಿದ್ದು ಇಂಟರ್ನೆಟ್‌ನಲ್ಲಿರೋ ಫೋಟೋ ಮತ್ತೆ ಅದ್ರ ಕೆಳಗಿರೋ ಬರಹದಿಂದ. ಈಗ ಯೋಚನೆ ಮಾಡಿ, ಒಂದು ಫೋಟೋದಲ್ಲಿ ಎರಡು ನಾಯಿ ಇದ್ರೆ ಜನ ಎರಡು ನಾಯಿ ಅಂತ ಬರೀತಾರೆ, ಏಳು ಹಕ್ಕಿ ಇದ್ರೆ? ಹಕ್ಕಿಗಳು ಅಂತ ಬರೆದು ಬಿಡ್ತಾರೆ, ಕೂತ್ಕೊಂಡು ಎಣಿಸೋರು ಯಾರು. ಇನ್ನು `five` ಅನ್ನೋ ಪದ ಬರೋ ಕಡೆಯೆಲ್ಲಾ ಎಣಿಸೋಕೆ ಐದು ವಸ್ತು ಇರುತ್ತಾ ಅಂದ್ರೆ ಅದೂ ಇಲ್ಲ, ಐದು ವರ್ಷದ ಮಗು, ಫೈವ್ ಸ್ಟಾರ್ ಹೋಟ್ಲು, ಐದು ನಿಮಿಷದ ಅಡುಗೆ, ಎಲ್ಲದಕ್ಕೂ ಅದೇ ಪದ. ಹಾಗಾಗಿ ಒಂದು, ಎರಡು ತಕ್ಕಮಟ್ಟಿಗೆ ಗಟ್ಟಿ, ಮೂರು ಪರವಾಗಿಲ್ಲ, ಅದ್ರಿಂದ ಮೇಲೆ ಹೋಗ್ತಾ ಹೋಗ್ತಾ `five`ಗೂ `seven`ಗೂ ವ್ಯತ್ಯಾಸ ತೆಳ್ಳಗಾಗ್ತಾ ಬರುತ್ತೆ. ಈಚಿನ ಮಾಡೆಲ್‌ಗಳಿಗೆ ಫೋಟೋ ಕೆಳಗಿನ ಬರಹಾನೇ ಉದ್ದಕ್ಕೆ ವಿವರವಾಗಿ ಹೊಸದಾಗಿ ಬರೆಸಿ ಕಲಿಸ್ತಾರೆ, 2023ರಲ್ಲಿ ಬಂದ DALL-E 3 ಹಾಗೇ ಮಾಡಿದ್ದು, ಅದ್ರಿಂದ ಸಣ್ಣ ಸಂಖ್ಯೆಗಳು ಸುಧಾರಿಸಿದಾವೆ. ದೊಡ್ಡವು ಈಗ್ಲೂ ಜಾರ್ತಾವೆ.

ಆದ್ರೆ ಇದು ಅರ್ಧ ಕಥೆ ಅಷ್ಟೇ, ಉಳಿದರ್ಧ ನನಗೆ ಅರ್ಥ ಆಗಿದ್ದು ಚಿತ್ರ ತಯಾರಾಗ್ತಾ ಇರೋದನ್ನ ತೋರಿಸೋ ಪ್ರೀವ್ಯೂ ಆನ್ ಮಾಡಿದಾಗ. ಈ ಮಾಡೆಲ್ ಚಿತ್ರ ಬಿಡಿಸೋದು ನಾವು ಬಿಡಿಸಿದ ಹಾಗಲ್ಲ, ಒಂದು ಹಕ್ಕಿ ಮುಗಿಸಿ ಇನ್ನೊಂದಕ್ಕೆ ಹೋಗಲ್ಲ. ಹಳೇ ಟೀವೀಲಿ ಚಾನೆಲ್ ಇಲ್ದಾಗ ಗುಳುಗುಳು ಚುಕ್ಕೆ ಬರ್ತಿತ್ತಲ್ಲ, ಆ ಥರದ ನಾಯ್ಸ್‌ನಿಂದ ಶುರು ಮಾಡಿ ಹಂತಹಂತವಾಗಿ ಅದನ್ನ ತಿಳಿ ಮಾಡ್ತಾ ಹೋಗುತ್ತೆ. ನಾನು 30 ಹಂತ ಇಟ್ಟಿದ್ದೆ. ಐದಾರನೇ ಹಂತದಲ್ಲಿ ನೋಡಿದ್ರೆ ಮಂಜಿನೊಳಗೆ ಬರೀ ಬಿಳಿ ಮಸುಕು, ಮಸುಕು, ಮಸುಕು, ಎಣಿಸಿದ್ರೆ ಆರು. ಆವಾಗ್ಲೇ ಮುಗೀತು ಕಥೆ! ಅಲ್ಲಿಂದಾಚೆ ಉಳಿದ ಹಂತಗಳೆಲ್ಲಾ ಆ ಒಂದೊಂದು ಮಸುಕಿಗೂ ಕೊಕ್ಕು ಇಡೋದು, ಕತ್ತು ಡೊಂಕು ಮಾಡೋದು, ಗರಿ ಬಿಡಿಸೋದು, ಅಷ್ಟೇ. ಹಕ್ಕಿ ಆಗೋ ಲಕ್ಷಣ ಇರೋ ಮಸುಕನ್ನ ಅದು ಹಕ್ಕಿ ಮಾಡೇ ಮಾಡುತ್ತೆ, "ನೀನು ಆರನೇದು, ಎದ್ದೋಗು" ಅನ್ನೋರು ಅಲ್ಲಿ ಯಾರೂ ಇಲ್ಲ.

ಚಿತ್ರದ ಚೂರುಗಳು ಒಂದನ್ನೊಂದು ನೋಡೋದೇ ಇಲ್ಲ ಅಂತಲ್ಲ, ನೋಡ್ಕೊಳ್ತಾವೆ, ಅದಕ್ಕೇ ಬೆಳಕು ಬಣ್ಣ ಎಲ್ಲಾ ಹೊಂದ್ಕೊಂಡು ಬರೋದು. ಆದ್ರೆ ಲೆಕ್ಕದ ಪುಸ್ತಕ ಇಟ್ಕೊಂಡಿರೋ ಜಾಗ ಅಂತ ಒಂದು ಅದ್ರೊಳಗಿಲ್ಲ. ಕಲಿಸೋವಾಗ್ಲೂ ಅದಕ್ಕೆ ಮಾರ್ಕ್ಸ್ ಕೊಡೋದು ಫೋಟೋಗೆ ಬೆರೆಸಿದ ನಾಯ್ಸನ್ನ ಎಷ್ಟು ಸರಿಯಾಗಿ ಊಹಿಸ್ದೆ ಅಂತ, ಹಕ್ಕಿ ಎಷ್ಟು ಅಂತ ಯಾರೂ ಪರೀಕ್ಷೆ ಮಾಡಿಲ್ಲ. ಮೂಲೇಲಿ ಒಂದು ಹಕ್ಕಿ ಜಾಸ್ತಿ ಇದ್ರೆ ಇಡೀ ಚಿತ್ರದ ಲೆಕ್ಕದಲ್ಲಿ ಅದು ಸಣ್ಣ ತಪ್ಪು. ನಮ್ ಕಾರ್ಡಲ್ಲಿ ಅದು ಒಬ್ಬ ಮಗ ಜಾಸ್ತಿ.

ಮಧ್ಯೆ ನಾನು ಮಾಡಿದ ಇನ್ನೊಂದು ಎಡವಟ್ಟು. ಕಾರ್ಡ್ ಅಡ್ಡ ಉದ್ದಕ್ಕಿತ್ತು ಅಂತ ಚಿತ್ರಾನೂ 1024 ಅಗಲ, 512 ಎತ್ತರ ಅಂತ ಕೊಟ್ಟಿದ್ದೆ. Stable Diffusion 1.5 ಥರದ ಹಳೇ ಮಾಡೆಲ್‌ಗಳು ಕಲ್ತಿರೋದು 512ಕ್ಕೆ 512 ಚೌಕದಲ್ಲಿ, ಅದಕ್ಕಿಂತ ಅಗಲ ಕೊಟ್ರೆ ಪಕ್ಕದ ಖಾಲಿ ಜಾಗಾನೂ ಇನ್ನೊಂದು ಚಿತ್ರ ಅನ್ನೋ ಥರ ತುಂಬಿಸ್ತಾವೆ. ಅಲ್ಲೂ ಹಕ್ಕಿ ಕೂತ್ಕೊಳ್ತಾವೆ. ಅದೇ ಪ್ರಾಂಪ್ಟನ್ನ ಚೌಕದಲ್ಲಿ ಓಡಿಸ್ದೆ, ಏಳು ಎಂಟು ಬರೋದು ನಿಂತು ಐದರ ಆಸುಪಾಸಿಗೆ ಬಂತು. ಅಂದ್ರೆ ನನ್ನ `five`ಗಿಂತ ಹಾಳೆ ಅಳತೆ ಮಾತೇ ಜಾಸ್ತಿ ನಡೀತಿತ್ತು.

ದೀಪದ ಕಥೆ ಚಿಕ್ಕದು. ಒಂದೇ ಪ್ರಾಂಪ್ಟಲ್ಲಿ ಎರಡು ಸಂಖ್ಯೆ ಹಾಕಿದ್ರೆ ಹಕ್ಕಿಯ ಐದು ಹೋಗಿ ದೀಪಕ್ಕೆ ಅಂಟ್ಕೊಳ್ಳುತ್ತೆ, ಅದಕ್ಕೆ ಎರಡನ್ನೂ ಬೇರೆ ಮಾಡ್ದೆ. ಆಮೇಲೆ ದೀಪಕ್ಕೆ `Diwali` ಅಂತ ಸೇರಿಸಿದ್ದೆ ಕಳೆ ಬರ್ಲಿ ಅಂತ, ಆ ಪದ ಬಂದ್ರೆ ಸಾಲು ದೀಪಾನೇ ಗತಿ, ಮೂರು ಅನ್ನೋದು ಅದ್ರ ಮುಂದೆ ನಿಲ್ಲಲ್ಲ. ತೆಗೆದೆ. ಕೊನೆಗೆ ಒಂದೇ ಒಂದು ದೀಪ ಚೆನ್ನಾಗಿ ತೆಗೆದು, ಜಿಂಪ್ ಅನ್ನೋ ಫೋಟೋ ಎಡಿಟರಲ್ಲಿ ಮೂರು ಕಾಪಿ ಇಟ್ಟು, ಜ್ವಾಲೆ ಸ್ವಲ್ಪ ಹಿಂದೆಮುಂದೆ ತಿರುಗಿಸಿದೆ. ಹತ್ತು ನಿಮಿಷದ ಕೆಲಸ. ಇದು ಮೋಸ ಅನ್ನೋರಿಗೆ ನನ್ನ ಹತ್ರ ಉತ್ತರ ಇಲ್ಲ, ಗಿರಾಕಿಗೆ ಮೂರು ದೀಪ ಬೇಕಿತ್ತು.

ಹಕ್ಕಿಗೆ ಹಾಗೆ ಮಾಡೋಕಾಗಲ್ಲ, ಐದೂ ಒಂದೇ ಥರ ಕೂತ್ರೆ ಸ್ಟಿಕ್ಕರ್ ಅಂಟಿಸಿದ ಹಾಗೆ ಕಾಣುತ್ತೆ. ಅಲ್ಲಿ ನಮ್ಮ ತೋಟದ ಬುದ್ಧಿ ಉಪಯೋಗಕ್ಕೆ ಬಂತು. ಅಡಿಕೆ ಸಸಿ ಹಾಕೋವಾಗ ಆಳಿಗೆ "ನೂರು ಸಸಿ ನೆಡು" ಅಂತ ಹೇಳಿ ಮನೆಗೆ ಬರ್ತೀವಾ? ಮೊದ್ಲು ಹಗ್ಗ ಹಿಡಿದು ಗುಂಡಿ ಗುರುತು ಮಾಡ್ತೀವಿ, ಗುಂಡಿ ಎಷ್ಟೋ ಸಸಿ ಅಷ್ಟು. ಇಲ್ಲೂ ಅದೇ. ಬೂದು ಬಣ್ಣದ ಹಾಳೆ ಮೇಲೆ ಒಂದು ಡೊಂಕು ಗೆರೆ ಎಳೆದೆ ಕೊಂಬೆ ಅಂತ, ಅದ್ರ ಮೇಲೆ ಐದು ಬಿಳಿ ಮೊಟ್ಟೆ ಆಕಾರ ಇಟ್ಟೆ, ಒಂದು ಎತ್ತರ, ಒಂದು ಕುಳ್ಳ, ಮಧ್ಯೆ ಮಧ್ಯೆ ಧಾರಾಳ ಜಾಗ ಬಿಟ್ಟು, ಯಾಕಂದ್ರೆ ತಾಗಿಸಿಟ್ರೆ ಎರಡು ಸೇರಿ ಒಂದಾಗ್ತಾವೆ. ಅದನ್ನ ಇಮೇಜ್ ಟು ಇಮೇಜ್‌ಗೆ ಕೊಟ್ಟೆ, ಅಂದ್ರೆ ಬರೀ ನಾಯ್ಸ್ ಬದಲು ನಾವು ಕೊಟ್ಟ ಚಿತ್ರಕ್ಕೆ ನಾಯ್ಸ್ ಬೆರೆಸಿ ಅಲ್ಲಿಂದ ಶುರು ಮಾಡೋ ವಿಧಾನ. ಆ ಚಿತ್ರಾನ ಎಷ್ಟು ಬದಲಾಯಿಸ್ಬೇಕು ಅನ್ನೋ ಸ್ಟ್ರೆಂತ್ 0.6 ಇಟ್ಟೆ.

ಆ 0.6 ಏನು ಮಾಡುತ್ತೆ ಅಂದ್ರೆ, 30 ಹಂತದಲ್ಲಿ ಮೊದಲ 12 ಬಿಟ್ಟು ಉಳಿದ 18 ಮಾತ್ರ ಓಡಿಸುತ್ತೆ, ಅಂದ್ರೆ ಎಣಿಕೆ ತೀರ್ಮಾನ ಆಗೋ ಆ ಶುರುವಿನ ಹಂತಗಳನ್ನ ನನ್ನ ಐದು ಮೊಟ್ಟೆಗಳೇ ಆಕ್ರಮಿಸ್ಕೊಳ್ತಾವೆ. 0.4ಕ್ಕೆ ಇಳಿಸಿದ್ರೆ ಮೊಟ್ಟೆ ಮೊಟ್ಟೆಯಾಗೇ ಉಳೀತು, ಸ್ವಲ್ಪ ಪುಕ್ಕ ಬಂದ ಮೊಟ್ಟೆ. 0.85ಕ್ಕೆ ಏರಿಸಿದ್ರೆ ಬೆಳ್ಳಕ್ಕಿ ಸಖತ್ತಾಗಿ ಬಂದ್ವು, ಜೊತೆಗೆ ಹಳೇ ನೆಂಟ ಆರನೇದೂ ಬಂತು. ನಿಮ್ಮ ಮಾಡೆಲ್‌ಗೆ ಈ ನಂಬರ್ ಬೇರೆ ಇರ್ಬಹುದು, 0.5ರಿಂದ 0.7ರೊಳಗೆ ಹುಡುಕಿ ನೋಡಿ.

ಸರಿ, ನಾನು ಆರಿಸಿದ ಚಿತ್ರದಲ್ಲಿ ಐದು ಹಕ್ಕಿ ಅದ್ಭುತವಾಗಿತ್ತು, ಆದ್ರೆ ಕೊಂಬೆ ತುದೀಲಿ ಒಂದು ಚಿಕ್ಕ ಬಿಳಿ ಹಕ್ಕಿ ಎಕ್ಸ್‌ಟ್ರಾ ಇತ್ತು, ಮಂಜಿನೊಳಗೆ ಅರ್ಧ ಮುಚ್ಕೊಂಡು. ಚಿತ್ರ ಬಿಡೋಕೆ ಮನಸ್ಸು ಬರ್ಲಿಲ್ಲ. ಅಷ್ಟು ಜಾಗಕ್ಕೆ ಮಾಸ್ಕ್ ಹಚ್ಚಿ ಇನ್‌ಪೇಂಟ್ ಮಾಡ್ದೆ, ಅಂದ್ರೆ ಆ ಜಾಗ ಮಾತ್ರ ಗುರುತು ಮಾಡಿ ಅಷ್ಟನ್ನೇ ಹೊಸದಾಗಿ ಬಿಡಿಸೋಕೆ ಹೇಳ್ದೆ. ಮೊದಲ ಸಲ `no bird` ಅಂತ ಹಾಕಿ ಇನ್ನೂ ದಪ್ಪ ಹಕ್ಕಿ ಬಂತು, ಅದಕ್ಕೆ ಕೇಳ್ಸೋದು `bird` ಅನ್ನೋ ಪದ ಒಂದೇ, ಮುಂದಿರೋ `no` ಅಲ್ಲ. ಬೇಡದ್ದರ ಹೆಸರೇ ಎತ್ತಬಾರದು, ಅಲ್ಲಿ ಏನು ಬೇಕೋ ಅದನ್ನ ಹೇಳ್ಬೇಕು. ಎರಡನೇ ಸಲ ಹೀಗೆ ಹಾಕ್ದೆ:

```
bare branch, morning mist over river
```

ಹಕ್ಕಿ ಮಾಯ. ಮೇಲಿಂದ ಕೆಳಗೆ ಬೆರಳಿಟ್ಟು ಎಣಿಸ್ದೆ, ಒಂದು ಎರಡು ಮೂರು ನಾಲ್ಕು ಐದು, ಮನೆಯವಳನ್ನೂ ಕರೆದು ಎಣಿಸೋಕೆ ಹೇಳ್ದೆ, ಐದು. ಪ್ರಿಂಟಿಗೆ ಕಳಿಸ್ದೆ, ಇನ್ನೂರು ಕಾರ್ಡ್.

ನಾಲ್ಕು ದಿನ ಬಿಟ್ಟು ಫೋನು. ಗಿರಾಕಿ ಅಲ್ಲ, ಅವರ ಅಕ್ಕ. "ಕಾರ್ಡ್ ಭಾಳ ಚೆನ್ನಾಗಿದೆ ಮಾರಾಯ, ಅಮ್ಮ ಕನ್ನಡಕ ಹಾಕ್ಕೊಂಡು ನೋಡ್ತಾ ಕೂತಿದಾಳೆ, ಒಂದು ಕೇಳ್ಬೇಕಿತ್ತು, ಕೊಂಬೆ ಮೇಲೆ ನಾವು ಐದು ಜನ ಸರಿ, ನೀರಲ್ಲಿ ಆರು ನೆರಳು ಉಂಟಲ್ಲ, ಆರನೇದು ಯಾರ್ದು?"

ಫೈಲ್ ತೆಗೆದು ನೋಡಿದ್ರೆ ಹೌದು. ಹಕ್ಕಿ ಅಳಿಸಿದೆ, ತುಂಗೆ ನೀರಲ್ಲಿ ಬಿದ್ದಿದ್ದ ಅದ್ರ ಬಿಂಬಕ್ಕೆ ಮಾಸ್ಕ್ ಹಚ್ಚೇ ಇಲ್ಲ.

"ಅದು ಮೀನಕ್ಕ" ಅಂದೆ. ನಂಬ್ಲಿಲ್ಲ ಅವರು.