ಮೊದಲ ಮಾತು ವಿದ್ಯಾರ್ಥಿಯದು

ಕೇಳುಗರೆಲ್ಲರಿಗೂ ನಮಸ್ಕಾರ. ಮುಂಬಯಿಯ ನರ್ಸಿಂಗ್ ಕಾಲೇಜುಗಳಲ್ಲಿ ಮತ್ತು ಆಸ್ಪತ್ರೆಗಳಲ್ಲಿ ಕಲಿಸುವ ಕೆಲಸದಲ್ಲಿರುವ ಕನ್ನಡಿಗರು ಕಡಿಮೆಯೇನಿಲ್ಲ. ಈ ಹೊತ್ತಿನಲ್ಲಿ ಡ್ಯೂಟಿ ಮುಗಿಸಿ ಮನೆಗೆ ಬಂದು ಬಾನುಲಿ ಹಚ್ಚಿರಬಹುದಾದ ಅಂಥ ಬೋಧಕಿಯರನ್ನು ಕಣ್ಣ ಮುಂದಿಟ್ಟುಕೊಂಡು ನಾನು ಮಾತನಾಡುತ್ತೇನೆ. ಸ್ಕಿಲ್ಸ್ ಲ್ಯಾಬಿನಲ್ಲಿ ವಿದ್ಯಾರ್ಥಿನಿಯೊಬ್ಬಳು ತಾನು ಕಲಿತದ್ದನ್ನು ಮ್ಯಾನಿಕಿನ್ ಮೇಲೆ ಮಾಡಿ ತೋರಿಸಿ, ಟ್ರೇ ಪಕ್ಕಕ್ಕಿಟ್ಟು, ನಮ್ಮ ಮುಖ ನೋಡುತ್ತಾಳಲ್ಲ, ಆ ಘಳಿಗೆಯಿಂದ ಮುಂದಿನ ಐದು ನಿಮಿಷ ನಾವು ಏನು ಮಾಡಬೇಕು ಎಂಬುದಷ್ಟೇ ಇಂದಿನ ವಿಷಯ.

ಸಾಮಾನ್ಯವಾಗಿ ಏನಾಗುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ಬೋಧಕಿ ಕೈಯಲ್ಲಿರುವ ಚೆಕ್‌ಲಿಸ್ಟನ್ನು ಮೇಲಿನಿಂದ ಕೆಳಗೆ ಓದುತ್ತ, ಇದು ಬಿಟ್ಟೆ, ಅದು ತಡವಾಯಿತು, ಇಲ್ಲಿ ಅಸೆಪ್ಸಿಸ್ ಕೆಟ್ಟಿತು ಎಂದು ಐದಾರು ತಪ್ಪುಗಳನ್ನು ಹೇಳಿ, ಕೊನೆಗೆ ‘ಪರವಾಗಿಲ್ಲ, ಇನ್ನೂ ಅಭ್ಯಾಸ ಮಾಡು’ ಎನ್ನುತ್ತಾಳೆ. ಹುಡುಗಿ ಪ್ರತಿಯೊಂದಕ್ಕೂ ‘ಯೆಸ್ ಮೇಡಂ’ ಎನ್ನುತ್ತಾಳೆ. ಮುಂದಿನ ವಾರ ಅದೇ ಕೈ ಅದೇ ತಪ್ಪನ್ನು ಮಾಡುತ್ತದೆ, ಬೋಧಕಿ ‘ಎಷ್ಟು ಸಲ ಹೇಳಬೇಕು’ ಎಂದು ಸಿಟ್ಟಾಗುತ್ತಾಳೆ. ಹೇಳಿದ್ದು ಸಾಲದೆ ಹೀಗಾದದ್ದಲ್ಲ. ಕೇಳುವುದಕ್ಕೆ ಮೊದಲೇ ಹೇಳಿಬಿಟ್ಟದ್ದರಿಂದ ಹೀಗಾಯಿತು.

ನಾನು ಬಳಸುವ ಕ್ರಮ ಹೊಸದಲ್ಲ. ಡೇವಿಡ್ ಪೆಂಡಲ್ಟನ್ ಮತ್ತು ಸಂಗಡಿಗರು 1984ರಲ್ಲಿ ಬ್ರಿಟನ್ನಿನಲ್ಲಿ ವೈದ್ಯರ ತರಬೇತಿಗಾಗಿ ಬರೆದಿಟ್ಟ ಈ ನಿಯಮಗಳನ್ನು ಇಂದಿಗೂ ವೈದ್ಯಕೀಯ ಮತ್ತು ನರ್ಸಿಂಗ್ ಶಿಕ್ಷಣದಲ್ಲಿ ಬಳಸುತ್ತಾರೆ. ಮೊದಲು, ಏನು ನಡೆಯಿತು ಎಂಬುದರ ಬಗ್ಗೆ ಇಬ್ಬರಿಗೂ ಗೊಂದಲವಿದ್ದರೆ ಅದನ್ನು ಬಗೆಹರಿಸಿಕೊಳ್ಳಬೇಕು. ಆಮೇಲೆ, ಯಾವುದು ಸರಿಯಾಗಿ ಆಯಿತು ಎಂಬುದನ್ನು ವಿದ್ಯಾರ್ಥಿ ಹೇಳಬೇಕು, ಅದಕ್ಕೆ ಬೋಧಕರು ತಾವು ಕಂಡದ್ದನ್ನು ಸೇರಿಸಬೇಕು. ಅನಂತರ, ಮುಂದಿನ ಸಲ ಯಾವುದನ್ನು ಬೇರೆ ರೀತಿಯಲ್ಲಿ ಮಾಡಬೇಕು ಎಂಬುದನ್ನು ಮತ್ತೆ ವಿದ್ಯಾರ್ಥಿಯೇ ಮೊದಲು ಹೇಳಬೇಕು, ಬೋಧಕರು ಆಮೇಲೆ ಹೇಳಬೇಕು. ಕೊನೆಗೆ ಇಬ್ಬರೂ ಕೂಡಿ ಮುಂದೇನು ಎಂದು ಒಪ್ಪಿಕೊಳ್ಳಬೇಕು. ಇಷ್ಟೇ. ಇದರಲ್ಲಿ ನೆನಪಿಡಬೇಕಾದದ್ದು ಒಂದೇ: ಎರಡೂ ಸುತ್ತಿನಲ್ಲಿ ಮೊದಲ ಮಾತು ವಿದ್ಯಾರ್ಥಿಯದು.

ಇದನ್ನು ಒಂದು ಪ್ರಸಂಗದ ಮೂಲಕ ವಿವರಿಸುತ್ತೇನೆ. ನನ್ನ ಲ್ಯಾಬಿನಲ್ಲಿ ಅಕ್ಕಲಕೋಟೆಯ ಕಡೆಯ ಹುಡುಗಿಯೊಬ್ಬಳು ಐ.ವಿ. ಕ್ಯಾನುಲಾ ಹಾಕುವ ರಿಟರ್ನ್ ಡೆಮಾನ್ಸ್ಟ್ರೇಷನ್ ಕೊಡುತ್ತಿದ್ದಳು. ರೋಗಿಯ ಕೈಗೆ ಬದಲಾಗಿ ನಮ್ಮಲ್ಲಿರುವುದು ಅಭ್ಯಾಸದ ತೋಳು. ಅದಕ್ಕೆ ರಬ್ಬರಿನಂಥ ಚರ್ಮ, ಅದರ ಕೆಳಗೆ ಕೆಂಪು ದ್ರವ ತುಂಬಿದ ಕೊಳವೆಗಳು. ಹುಡುಗಿ ಕೈ ಸ್ವಚ್ಛ ಮಾಡಿಕೊಂಡಳು, ಚುಚ್ಚುವ ಜಾಗದಿಂದ ನಾಲ್ಕು ಬೆರಳು ಮೇಲೆ ಟೂರ್ನಿಕೆಟ್ ಕಟ್ಟಿದಳು, ಬೆರಳಿನಿಂದ ಒತ್ತಿ ರಕ್ತನಾಳ ಹುಡುಕಿದಳು, ಗ್ಲೌಸ್ ಹಾಕಿಕೊಂಡು ಕ್ಲೋರ್‌ಹೆಕ್ಸಿಡಿನ್ ಸ್ವ್ಯಾಬಿನಿಂದ 30 ಸೆಕೆಂಡು ಉಜ್ಜಿ ಒರೆಸಿದಳು, ಒಣಗಲು ಬಿಟ್ಟಳು. ಸೂಜಿ ಎತ್ತಿಕೊಂಡ ಮೇಲೆ, ಒರೆಸಿದ ಅದೇ ಜಾಗವನ್ನು ಗ್ಲೌಸಿನ ಬೆರಳಿನಿಂದ ಮತ್ತೊಮ್ಮೆ ಒತ್ತಿ ನೋಡಿ ಚುಚ್ಚಿದಳು. ಚುಚ್ಚಿದ್ದು ಸರಿಯಾಗಿಯೇ ಇತ್ತು. ಕೆಂಪು ದ್ರವ ಕ್ಯಾನುಲಾದ ಹಿಂಬದಿಯಲ್ಲಿ ಕಾಣಿಸಿದ ಕೂಡಲೇ ಕೋನ ತಗ್ಗಿಸಿ, ಕ್ಯಾನುಲಾವನ್ನು ಒಳಕ್ಕೆ ಜಾರಿಸಿ, ಟೂರ್ನಿಕೆಟ್ ಬಿಚ್ಚಿ, ಕ್ಯಾನುಲಾದ ತುದಿ ಇರುವಲ್ಲಿಂದ ಸ್ವಲ್ಪ ಮೇಲೆ ರಕ್ತನಾಳವನ್ನು ಬೆರಳಿನಿಂದ ಅದುಮಿ ಹಿಡಿದು, ಆಮೇಲೆ ಸೂಜಿ ಹೊರತೆಗೆದಳು. ಹಾಸಿಗೆಯ ಮೇಲೆ ಒಂದು ಹನಿಯೂ ಬೀಳಲಿಲ್ಲ.

ಒರೆಸಿದ ಜಾಗವನ್ನು ಮುಟ್ಟಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆ ಗ್ಲೌಸ್ ಸ್ಟೆರೈಲ್ ಅಲ್ಲ, ಮುಟ್ಟಿದ ಮೇಲೆ ಮೊದಲಿನಿಂದ ಒರೆಸಬೇಕು. ನೋಡುತ್ತಿದ್ದ ಯಾರಾದರೂ ‘ಇವಳಿಗೆ ಅಸೆಪ್ಸಿಸ್ ಗೊತ್ತಿಲ್ಲ’ ಎಂದು ಬರೆದುಕೊಳ್ಳುತ್ತಿದ್ದರು, ಅದರ ಮೇಲೆ ಹತ್ತು ನಿಮಿಷ ಉಪನ್ಯಾಸವನ್ನೂ ಕೊಡುತ್ತಿದ್ದರು. ನಾನು ಕ್ರಮ ಬಿಡಲಿಲ್ಲ. ಮೊದಲು ‘ಯಾವುದು ಸರಿಯಾಗಿ ಬಂತು ಹೇಳು’ ಎಂದು ಕೇಳಿದೆ. ಅವಳು, ಎಲ್ಲ ವಿದ್ಯಾರ್ಥಿಗಳಂತೆ, ‘ಏನೂ ಸರಿ ಬರಲಿಲ್ಲ ಮೇಡಂ’ ಎಂದಳು. ಈ ಉತ್ತರವನ್ನು ಒಪ್ಪಿಕೊಳ್ಳಬಾರದು. ಒಂದನ್ನಾದರೂ ಹೇಳಲೇಬೇಕು ಎಂದು ನಿಂತೆ. ‘ಮೊದಲ ಸಲಕ್ಕೇ ಸಿಕ್ಕಿತು’ ಎಂದಳು. ಅದಕ್ಕೆ ನಾನು ಸೇರಿಸಿದ್ದು ಇಷ್ಟು: ‘ಸೂಜಿ ತೆಗೆಯುವ ಮೊದಲು ನೀನು ಟೂರ್ನಿಕೆಟ್ ಬಿಚ್ಚಿದೆ, ರಕ್ತನಾಳವನ್ನೂ ಅದುಮಿ ಹಿಡಿದೆ, ಅದರಿಂದಲೇ ರಕ್ತ ಚೆಲ್ಲಲಿಲ್ಲ.’ ಅವಳು ಕಣ್ಣು ಬಿಟ್ಟು ನೋಡಿದಳು. ತಾನು ಯಾವ ಅನುಕ್ರಮದಲ್ಲಿ ಮಾಡಿದೆ ಎಂಬುದು ಅವಳ ಗಮನದಲ್ಲೇ ಇರಲಿಲ್ಲ.

ಈ ಮೊದಲ ಸುತ್ತನ್ನು ಹಲವರು ಬರಿಯ ಸಮಾಧಾನದ ಮಾತು ಎಂದುಕೊಂಡು ಬೇಗ ಮುಗಿಸಿಬಿಡುತ್ತಾರೆ. ಅದು ನನಗೆ ಬೇಸರ ತರಿಸುವ ವಿಷಯ. ಸರಿಯಾಗಿ ಆದದ್ದು ಕೈಗೆ ತಾನಾಗಿ ಬಂದಿದ್ದರೆ, ನಾಳೆ ಟೂರ್ನಿಕೆಟ್ ಬಿಚ್ಚುವ ಮೊದಲೇ ಸೂಜಿ ಎಳೆದುಬಿಡುವ ಸಾಧ್ಯತೆ ಅಷ್ಟೇ ಇರುತ್ತದೆ. ಅದನ್ನು ಹೆಸರಿಟ್ಟು ಹೇಳಿದಾಗ ಮಾತ್ರ ಅದು ಅವಳ ತಿಳಿವಳಿಕೆಯಾಗುತ್ತದೆ. ‘ಚೆನ್ನಾಗಿ ಮಾಡಿದೆ’ ಎಂದರೆ ಅವಳಿಗೆ ಯಾವುದನ್ನು ಮತ್ತೆ ಮಾಡಬೇಕು ಎಂಬುದು ತಿಳಿಯುವುದೇ ಇಲ್ಲ.

ಎರಡನೆಯ ಸುತ್ತಿಗೆ ಬಂದು, ‘ಮುಂದಿನ ಸಲ ಯಾವುದನ್ನು ಬೇರೆ ರೀತಿ ಮಾಡುತ್ತೀ’ ಎಂದು ಕೇಳಿದೆ. ನಾನು ಬಾಯಿ ತೆರೆಯುವ ಮೊದಲೇ ಅವಳು ‘ಒರೆಸಿದ ಮೇಲೆ ಮುಟ್ಟಬಾರದಿತ್ತು, ಮುಟ್ಟಿದ ಮೇಲೆ ಮತ್ತೆ ಒರೆಸಬೇಕಿತ್ತು’ ಎಂದು ಇಂಗ್ಲಿಷಿನಲ್ಲಿ ಪುಸ್ತಕದಲ್ಲಿದ್ದಂತೆ ಹೇಳಿದಳು. ಅಂದರೆ ನಿಯಮ ಅವಳಿಗೆ ಗೊತ್ತಿತ್ತು. ನಿಯಮದ ಬಗ್ಗೆ ಉಪನ್ಯಾಸ ಕೊಟ್ಟಿದ್ದರೆ, ಗೊತ್ತಿರುವುದನ್ನೇ ಗೊತ್ತಿರುವವಳಿಗೆ ಹೇಳಿದಂತಾಗುತ್ತಿತ್ತು. ಗೊತ್ತಿದ್ದೂ ಕೈ ಅಲ್ಲಿಗೆ ಹೋದದ್ದು ಏಕೆ? ‘ಏಕೆ ಮುಟ್ಟಿದೆ’ ಎಂದು ಕೇಳಿದರೆ ಅದು ಗದರಿಸಿದಂತೆ ಕೇಳಿಸುತ್ತದೆ, ಉತ್ತರದ ಬದಲು ಕ್ಷಮೆ ಬರುತ್ತದೆ. ಆದ್ದರಿಂದ ಕನ್ನಡದಲ್ಲೇ, ‘ಸೂಜಿ ಎತ್ತಿಕೊಂಡಾಗ ನಿನಗೆ ಏನು ಕಾಣುತ್ತಿತ್ತು?’ ಎಂದು ಕೇಳಿದೆ. ಅವಳು ತನ್ನ ಊರಿನ ಮಾತಿಗೆ ಹೊರಳಿದಳು: ‘ಒರೆಸಿದ ಮ್ಯಾಲ ನರ ಎಲ್ಲದ ಅಂತ ತಿಳೀಲಿಲ್ರಿ ಮೇಡಂ, ಅದಕ್ಕ ಮತ್ತ ಮುಟ್ಟಿ ನೋಡಿದೆ.’

ಆಗ ನಾನು ಅಭ್ಯಾಸದ ತೋಳನ್ನು ಹತ್ತಿರದಿಂದ ನೋಡಿದೆ. ಅದರ ಚರ್ಮವನ್ನು ಆಗಷ್ಟೇ ಬದಲಾಯಿಸಲಾಗಿತ್ತು. ಅಲ್ಲಿಯವರೆಗೆ ಆ ತರಗತಿಯವರು ಅಭ್ಯಾಸ ಮಾಡಿದ್ದು ಹಳೆಯ ಚರ್ಮದ ಮೇಲೆ. ಅದರಲ್ಲಿ ಹಿಂದಿನವರು ಚುಚ್ಚಿದ ತೂತುಗಳು ಸಾಲಾಗಿ ಕಾಣುತ್ತಿದ್ದವು, ರಕ್ತನಾಳ ಎಲ್ಲಿದೆ ಎಂದು ಆ ತೂತುಗಳೇ ತೋರಿಸಿಕೊಡುತ್ತಿದ್ದವು. ಬೆರಳಿನಿಂದ ಹುಡುಕಿದ ಜಾಗವನ್ನು ಕಣ್ಣಿನಲ್ಲಿ ಹಿಡಿದಿಟ್ಟುಕೊಳ್ಳುವ ಅಗತ್ಯವೇ ಯಾರಿಗೂ ಬಂದಿರಲಿಲ್ಲ. ಹೊಸ ಚರ್ಮದ ಮೇಲೆ ಆ ಗುರುತು ಇಲ್ಲವಾದಾಗ ಇವಳ ಬೆರಳು ಮತ್ತೆ ಅಲ್ಲಿಗೆ ಹೋಯಿತು. ರೋಗಿಯ ಚರ್ಮದ ಮೇಲೂ ಅಂಥ ತೂತುಗಳ ಸಾಲು ಇರುವುದಿಲ್ಲ. ಅಂದರೆ ವಾರ್ಡಿಗೆ ಹೋದ ಮೊದಲ ದಿನ ಇಡೀ ತರಗತಿ ಇದೇ ತಪ್ಪು ಮಾಡುತ್ತಿತ್ತು, ಅದನ್ನು ನಮಗೆ ತಿಳಿಸಿಕೊಟ್ಟವಳು ಈ ಹುಡುಗಿ. ಮೊದಲ ಮಾತನ್ನು ಅವಳಿಗೆ ಬಿಟ್ಟದ್ದರಿಂದ ಇದು ತಿಳಿಯಿತು, ಚೆಕ್‌ಲಿಸ್ಟಿನಿಂದ ಇದು ಎಂದೂ ತಿಳಿಯುತ್ತಿರಲಿಲ್ಲ.

ಕಾರಣ ತಿಳಿದ ಮೇಲೆ ಪರಿಹಾರ ಚಿಕ್ಕದಾಯಿತು. ಒರೆಸುವ ಮೊದಲೇ, ಬೆರಳು ರಕ್ತನಾಳದ ಮೇಲಿರುವಾಗಲೇ, ಪಕ್ಕದಲ್ಲಿ ಒಂದು ಗುರುತು ಹುಡುಕಿಕೊಳ್ಳಬೇಕು. ರಕ್ತನಾಳ ಕವಲಾಗುವ ಜಾಗವೋ, ಒಂದು ಮಚ್ಚೆಯೋ, ಮಣಿಕಟ್ಟಿನ ಗೆರೆಯಿಂದ ಇಷ್ಟು ಬೆರಳು ಎಂಬ ಅಳತೆಯೋ ಸಾಕು. ಒರೆಸಿದ ಜಾಗ ಒಣಗುವವರೆಗಿನ ಸುಮಾರು 30 ಸೆಕೆಂಡಿನಲ್ಲಿ ಕಣ್ಣು ಆ ಗುರುತಿನ ಮೇಲೆಯೇ ಇರಬೇಕು. ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿಯುವ ಹೆಬ್ಬೆರಳು ಒರೆಸಿದ ಜಾಗದಿಂದ ಕೆಳಗೆ, ಹೊರಗೆ ಇರಬೇಕು. ಇದನ್ನು ನಾನು ಹೇಳಿದ್ದು ಅರ್ಧ, ಮಣಿಕಟ್ಟಿನಿಂದ ಅಳೆಯುವ ಉಪಾಯ ಅವಳದೇ. ತಕ್ಷಣ, ಅಲ್ಲೇ, ಪೂರ್ತಿ ಕ್ರಿಯೆಯನ್ನಲ್ಲ, ಹುಡುಕುವುದರಿಂದ ಚುಚ್ಚುವವರೆಗಿನ ಭಾಗವನ್ನಷ್ಟೇ ಮತ್ತೆ ಮಾಡಿಸಿದೆ. ಬೆರಳು ಮುಟ್ಟಲಿಲ್ಲ. ಅವಳ ಡೆಮಾನ್ಸ್ಟ್ರೇಷನ್‌ನಲ್ಲಿ ಇನ್ನೂ ಎರಡು ಸಣ್ಣ ಕೊರತೆಗಳಿದ್ದವು, ಅವನ್ನು ನಾನು ಅಂದು ಎತ್ತಲಿಲ್ಲ. ಒಂದು ಸಲಕ್ಕೆ ಒಂದು ಬದಲಾವಣೆ ಕೈಗೆ ಹತ್ತಿದರೆ ಸಾಕು.

ನನಗೆ ಕೊಟ್ಟ ಸಮಯ ಮುಗಿಯುತ್ತ ಬಂದಿದೆ, ಉಳಿದುದನ್ನು ಬೇಗ ಹೇಳುತ್ತೇನೆ. ಇಷ್ಟಕ್ಕೆಲ್ಲ ಸಮಯವೆಲ್ಲಿದೆ ಎಂದು ಕೇಳುವವರಿದ್ದಾರೆ. ನಾನು ವಿವರಿಸಿದ ಸಂಭಾಷಣೆ ನಡೆದದ್ದು ಐದು ನಿಮಿಷದೊಳಗೆ, ಅದೇ ತಪ್ಪನ್ನು ಸೆಮಿಸ್ಟರ್ ಪೂರ್ತಿ ತಿದ್ದುತ್ತ ಕೂರುವುದಕ್ಕೆ ಬೇಕಾಗುವ ಸಮಯ ಎಷ್ಟು ಎಂಬುದನ್ನು ನೀವೇ ಲೆಕ್ಕ ಹಾಕಿ. ಇಡೀ ಗುಂಪಿನ ಮುಂದೆ ಇದನ್ನು ಮಾಡಬೇಡಿ, ನಾಲ್ಕು ಜನ ಕೇಳಿಸಿಕೊಳ್ಳುತ್ತಿರುವಾಗ ‘ನರ ಎಲ್ಲದ ತಿಳೀಲಿಲ್ಲ’ ಎಂದು ಯಾರೂ ಬಾಯಿ ಬಿಡುವುದಿಲ್ಲ. ನಮ್ಮ ಈ ಊರಿನಲ್ಲಿ ತರಗತಿ ನಡೆಯುವುದು ಇಂಗ್ಲಿಷಿನಲ್ಲಿ, ಹುಡುಗಿಯರ ಮನೆಮಾತು ಮರಾಠಿ, ಕನ್ನಡ, ಮಲಯಾಳ, ಹಿಂದಿ. ನಿಮಗೆ ಅವಳ ಭಾಷೆ ಬರುವುದಾದರೆ ಕಾರಣ ಕೇಳುವ ಆ ಒಂದು ಪ್ರಶ್ನೆಯನ್ನು ಆ ಭಾಷೆಯಲ್ಲೇ ಕೇಳಿ.

ಒಂದು ಸಂದರ್ಭದಲ್ಲಿ ಮಾತ್ರ ಈ ಕ್ರಮಕ್ಕೆ ಕಾಯಬಾರದು. ವಿದ್ಯಾರ್ಥಿ ಹೊರತೆಗೆದ ಸೂಜಿಯನ್ನು ಮತ್ತೆ ಕ್ಯಾನುಲಾದೊಳಗೆ ತೂರಿಸಲು ಹೋದರೆ, ಅಥವಾ ಬಳಸಿದ ಸೂಜಿಗೆ ಮುಚ್ಚಳ ಹಾಕಲು ಹೋದರೆ, ಆ ಕ್ಷಣವೇ ಕೈ ತಡೆಯಿರಿ. ಮೊದಲನೆಯದರಿಂದ ಕ್ಯಾನುಲಾದ ತುಂಡು ಕತ್ತರಿಸಿ ರಕ್ತದಲ್ಲಿ ಸೇರಬಹುದು, ಎರಡನೆಯದರಿಂದ ಅವಳ ಬೆರಳಿಗೇ ಸೂಜಿ ಚುಚ್ಚಬಹುದು. ಇಂಥ ತಪ್ಪನ್ನು ಮ್ಯಾನಿಕಿನ್ ಮೇಲೂ ಪೂರ್ತಿಯಾಗಲು ಬಿಡಬಾರದು. ತಡೆದು, ಸರಿಪಡಿಸಿ, ಆಮೇಲೆ ಕೂತು ಮೊದಲ ಪ್ರಶ್ನೆಯಿಂದ ಆರಂಭಿಸಿ.

ಇನ್ನು ಲಾಗ್‌ಬುಕ್. ಅದರಲ್ಲಿ ‘ಸುಧಾರಿಸಬೇಕು’ ಎಂದು ಬರೆದು ಸಹಿ ಹಾಕಬೇಡಿ. ಆ ಹುಡುಗಿಯ ಲಾಗ್‌ಬುಕ್ಕಿನಲ್ಲಿ ‘ಒರೆಸುವ ಮೊದಲು ಗುರುತು ನೋಡಿಕೊಳ್ಳುವೆ, ಒರೆಸಿದ ಮೇಲೆ ಮುಟ್ಟುವುದಿಲ್ಲ’ ಎಂಬ ವಾಕ್ಯವನ್ನು ಅವಳ ಕೈಯಿಂದಲೇ ಬರೆಸಿ, ಅದರ ಕೆಳಗೆ ನಾನು ದಿನಾಂಕ ಹಾಕಿದೆ. ಮುಂದಿನ ಸಲ ಅವಳನ್ನು ನೋಡುವ ಬೋಧಕಿ ನಾನಲ್ಲದೆ ಬೇರೆಯವರಾಗಿದ್ದರೂ, ಮೊದಲು ಎಲ್ಲಿ ಕಣ್ಣಿಡಬೇಕು ಎಂಬುದು ಅವರಿಗೆ ಆ ಒಂದು ಸಾಲಿನಿಂದ ತಿಳಿಯುತ್ತದೆ. ನಮಸ್ಕಾರ.