ಹಳೆಯ ಸಿಮ್ ಕೈಬಿಡುವ ಮುನ್ನ

ಕೇಳುಗರಿಗೆ ನಮಸ್ಕಾರ.

ಭಾಗಮಂಡಲದ ಕಡೆ ಕಾಫಿ ತೋಟವಿರುವ ನನ್ನ ಪರಿಚಯದವರೊಬ್ಬರು ಕಳೆದ ಮಳೆಗಾಲದಲ್ಲಿ ಮೊಬೈಲ್ ಸಂಖ್ಯೆ ಬದಲಿಸಿದರು. ಹಳೆಯ ಸಿಮ್ಮಿಗೆ ಮನೆಯೊಳಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಕರೆ ಬರಬೇಕಾದರೆ ಕಣ ದಾಟಿ ರಸ್ತೆಯ ತಿರುವಿನವರೆಗೆ ಕೊಡೆ ಹಿಡಿದು ನಡೆಯಬೇಕಿತ್ತು. ಸಿಗ್ನಲ್ಲಿನ ತೊಂದರೆ ಮಾತ್ರವಾಗಿದ್ದರೆ ಸಂಖ್ಯೆಯನ್ನು ಉಳಿಸಿಕೊಂಡೇ ಕಂಪನಿಯನ್ನು ಬದಲಿಸಬಹುದು, ಅಂದರೆ ಪೋರ್ಟ್ ಮಾಡಿಸಬಹುದು. ಹಾಗೆ ಮಾಡಿದ್ದರೆ ಮುಂದಿನ ಅಲೆದಾಟವೇ ಇರುತ್ತಿರಲಿಲ್ಲ. ಅವರಿಗೆ ಇದು ತಿಳಿಯುವ ಹೊತ್ತಿಗೆ ಹೊಸ ಸಿಮ್ ಕೈಗೆ ಬಂದಾಗಿತ್ತು.

ಅವರು ಮೊದಲು ಮಾಡಿದ ಕೆಲಸ, ಹಣ ಕಳುಹಿಸುವ ಆ್ಯಪನ್ನು ಹೊಸ ಸಿಮ್ಮಿನಲ್ಲಿ ನೋಂದಾಯಿಸಲು ಹೋದದ್ದು. ಈ ಸಂಖ್ಯೆಗೆ ಯಾವ ಖಾತೆಯೂ ಸಿಗಲಿಲ್ಲ ಎಂದು ಆ್ಯಪ್ ತೋರಿಸಿದಾಗ, ಕಾಫಿ ಮಾರಿದ ಹಣವೇ ಹೋಯಿತೇನೋ ಎಂದು ಗಾಬರಿಯಾಗಿ ನನಗೆ ಫೋನ್ ಮಾಡಿದರು. ಹಣ ಎಲ್ಲಿಗೂ ಹೋಗಿರಲಿಲ್ಲ. ಯುಪಿಐ ಆ್ಯಪ್ ನೋಂದಣಿಯ ವೇಳೆ ನಮ್ಮ ಸಿಮ್ಮಿನಿಂದ ತಾನಾಗಿಯೇ ಒಂದು ಎಸ್ಸೆಮ್ಮೆಸ್ ಕಳುಹಿಸಿ ಸಂಖ್ಯೆಯನ್ನು ಖಚಿತಪಡಿಸಿಕೊಳ್ಳುತ್ತದೆ. ಆಮೇಲೆ, ಈ ಸಂಖ್ಯೆಯ ಹೆಸರಿನಲ್ಲಿ ಖಾತೆ ಇದೆಯೇ ಎಂದು ನಾವು ಆರಿಸಿದ ಬ್ಯಾಂಕನ್ನು ಕೇಳುತ್ತದೆ. ಬ್ಯಾಂಕಿನ ದಾಖಲೆಯಲ್ಲಿ ಇನ್ನೂ ಹಳೆಯ ಸಂಖ್ಯೆಯೇ ಇದ್ದುದರಿಂದ ಅಲ್ಲಿಂದ ಇಲ್ಲವೆಂಬ ಉತ್ತರ ಬಂತು. ಆದ್ದರಿಂದ ಮೊದಲು ಬ್ಯಾಂಕ್, ಆಮೇಲೆ ಯುಪಿಐ.

ಮರುದಿನ ಅವರು ಪಾಸ್‌ಬುಕ್, ಗುರುತಿನ ಚೀಟಿ ಮತ್ತು ಎರಡೂ ಸಿಮ್ ಹಾಕಿದ ಫೋನ್ ಹಿಡಿದು ಮಡಿಕೇರಿಯ ಶಾಖೆಗೆ ಹೋಗಿ ಅರ್ಜಿ ತುಂಬಿ ಕೊಟ್ಟರು. ಹೆಂಡತಿಯ ಉಳಿತಾಯ ಖಾತೆಗೂ ಇದೇ ಹಳೆಯ ಸಂಖ್ಯೆಯನ್ನು ಕೊಟ್ಟಿದ್ದುದು ಅರ್ಜಿ ಬರೆಯುವಾಗಲಷ್ಟೇ ನೆನಪಾಯಿತು. ಅದಕ್ಕೆ ಹೆಂಡತಿಯ ಸಹಿ ಬೇಕು, ಆದ್ದರಿಂದ ಇನ್ನೊಂದು ದಿನ ಇಬ್ಬರೂ ಹೋಗಬೇಕಾಯಿತು. ನಮ್ಮ ಮನೆಗಳಲ್ಲಿ ಒಂದೇ ಸಂಖ್ಯೆಗೆ ಮೂರು ನಾಲ್ಕು ಖಾತೆಗಳು ಜೋತುಬಿದ್ದಿರುವುದು ಸಾಮಾನ್ಯ. ಹೊರಡುವ ಮೊದಲು ಮನೆಯ ಪಾಸ್‌ಬುಕ್‌ಗಳನ್ನೆಲ್ಲ ಒಮ್ಮೆ ತೆಗೆದು ನೋಡುವುದು ಒಳ್ಳೆಯದು.

ಎರಡು ದಿನಗಳ ನಂತರ ಹೊಸ ಸಂಖ್ಯೆಗೆ ಬ್ಯಾಂಕಿನ ಸಂದೇಶ ಬಂತು. ಆಗ ಆ್ಯಪನ್ನು ಹೊಸ ಸಿಮ್ಮಿನಲ್ಲಿ ನೋಂದಾಯಿಸಿದಾಗ ಖಾತೆ ತಾನಾಗಿಯೇ ಕಾಣಿಸಿಕೊಂಡಿತು. ಯುಪಿಐ ಪಿನ್ ಹೊಸದಾಗಿ ಇಡಲು ಡೆಬಿಟ್ ಕಾರ್ಡಿನ ಕೊನೆಯ 6 ಅಂಕಿಗಳೂ ಅದರ ಅವಧಿ ಮುಗಿಯುವ ತಿಂಗಳು, ವರ್ಷವೂ ಬೇಕಾದವು. ಕಾರ್ಡ್ ಇಲ್ಲದವರು ಆಧಾರ್ ಒಟಿಪಿಯಿಂದಲೂ ಪಿನ್ ಇಡಬಹುದು, ಆದರೆ ಆ ಒಟಿಪಿ ಆಧಾರಿಗೆ ಜೋಡಿಸಿದ ಸಂಖ್ಯೆಗೇ ಬರುತ್ತದೆ. ಅದು ಹಳೆಯದಾಗಿದ್ದರೆ ಆಧಾರಿನಲ್ಲಿಯೂ ಮೊಬೈಲ್ ಸಂಖ್ಯೆಯನ್ನು ಬದಲಿಸಿಕೊಳ್ಳಬೇಕು.

ವಾಟ್ಸಾಪ್ ವಿಷಯದಲ್ಲಿ ಜನ ಮಾಡುವ ತಪ್ಪು ಬೇರೆ. ಆ್ಯಪನ್ನು ತೆಗೆದುಹಾಕಿ ಹೊಸ ಸಂಖ್ಯೆಯಲ್ಲಿ ಮೊದಲಿನಿಂದ ಶುರುಮಾಡಿದರೆ, ಸಂಘದ ಗುಂಪು, ತೋಟದ ಗುಂಪುಗಳೆಲ್ಲ ಹಳೆಯ ಸಂಖ್ಯೆಯಲ್ಲೇ ಉಳಿದುಬಿಡುತ್ತವೆ. ಹಳೆಯ ಸಂಖ್ಯೆಯಲ್ಲಿ ವಾಟ್ಸಾಪ್ ತೆರೆದಿರುವಾಗಲೇ ಸೆಟ್ಟಿಂಗ್ಸ್‌ನ ಅಕೌಂಟ್ ವಿಭಾಗದಲ್ಲಿರುವ ‘ಚೇಂಜ್ ನಂಬರ್’ ಬಳಸಿದರೆ ಗುಂಪುಗಳು ಹೊಸ ಸಂಖ್ಯೆಗೆ ಸಾಗುತ್ತವೆ. ಅದೇ ಫೋನಿನಲ್ಲಿದ್ದರೆ ಮಾತುಕತೆಗಳೂ ಉಳಿಯುತ್ತವೆ. ಪರಿಶೀಲನೆಯ ಅಂಕಿಗಳು ಬರುವುದು ಹೊಸ ಸಿಮ್ಮಿಗೆ.

ಗೂಗಲ್‌ನಂತಹ ಲಾಗಿನ್ ಖಾತೆಗಳೇ ನಿಜವಾಗಿ ಬೀಗ ಬೀಳುವ ಜಾಗ, ಏಕೆಂದರೆ ಅಲ್ಲಿ ಅರ್ಜಿ ಬರೆದು ಕೊಡಲು ಊರಿನಲ್ಲಿ ಶಾಖೆಯಿಲ್ಲ. ಫೋನಿನಲ್ಲಿ ಲಾಗಿನ್ ಆಗಿರುವಾಗಲೇ ಭದ್ರತೆಯ ಪುಟಕ್ಕೆ ಹೋಗಿ ಹೊಸ ಸಂಖ್ಯೆಯನ್ನು ಮೊದಲು ಸೇರಿಸಿ, ಅದಕ್ಕೆ ಬಂದ ಒಟಿಪಿ ಹಾಕಿ ಖಚಿತಪಡಿಸಿ, ಆಮೇಲಷ್ಟೇ ಹಳೆಯದನ್ನು ಅಳಿಸಬೇಕು. ಎರಡು ಹಂತದ ಪರಿಶೀಲನೆ ಇಟ್ಟುಕೊಂಡವರಿಗೆ ಗೂಗಲ್ 10 ಬ್ಯಾಕಪ್ ಕೋಡ್‌ಗಳನ್ನು ಕೊಡುತ್ತದೆ. ಒಂದೊಂದನ್ನು ಒಮ್ಮೆ ಮಾತ್ರ ಬಳಸಬಹುದು. ಇವರು ಅವನ್ನು ಕಾಗದದ ಮೇಲೆ ಬರೆದು ತೋಟದ ಪತ್ರಗಳ ಜೊತೆ ಇಟ್ಟರು. ಒಟಿಪಿ ಬರಲು ಸಿಗ್ನಲ್ ಬೇಕು, ಆ ಕಾಗದಕ್ಕೆ ಬೇಡ.

ಇಷ್ಟೆಲ್ಲ ಆದ ಮೇಲೂ ಹಳೆಯ ಸಿಮ್ಮನ್ನು ಅವರು ಕೂಡಲೇ ಕೈಬಿಡಲಿಲ್ಲ. ರೀಚಾರ್ಜ್ ನಿಂತು ಸಂಪರ್ಕ ಕಡಿತವಾದ ಸಂಖ್ಯೆ 90 ದಿನಗಳ ನಂತರ ಬೇರೊಬ್ಬರ ಪಾಲಾಗಬಹುದು, ಆಮೇಲೆ ನಮ್ಮ ಒಟಿಪಿಗಳು ಅವರ ಫೋನಿಗೆ ಹೋಗುತ್ತವೆ. ಅವರು ಇನ್ನೆರಡು ತಿಂಗಳು ಚಿಕ್ಕ ರೀಚಾರ್ಜ್ ಹಾಕಿಸಿ, ವಾರಕ್ಕೊಮ್ಮೆ ರಸ್ತೆಯ ತಿರುವಿಗೆ ಹೋಗಿ ಹಳೆಯ ಸಂಖ್ಯೆಗೆ ಬಂದ ಸಂದೇಶಗಳನ್ನು ನೋಡುತ್ತಿದ್ದರು. ಅಲ್ಲಿ ಬಂದದ್ದೆಲ್ಲ ಇನ್ನೂ ಬದಲಿಸದ ಖಾತೆಯ ಸುಳಿವು. ಮೊದಲ ವಾರ ಗ್ಯಾಸ್ ಸಿಲಿಂಡರಿನದು ಬಂತು, ಆಮೇಲೆ ವಿಮೆಯದು, ಮೂರನೆಯ ವಾರ ಮಗಳ ಕಾಲೇಜಿನ ಶುಲ್ಕದ್ದು. ಕೊನೆಯ ನಾಲ್ಕು ವಾರ ಜಾಹೀರಾತುಗಳನ್ನು ಬಿಟ್ಟರೆ ಬೇರೇನೂ ಬರಲಿಲ್ಲ. ಆಗ ಸಿಮ್ಮನ್ನು ಫೋನಿನಿಂದ ತೆಗೆದರು.

ನಮಸ್ಕಾರ.