ಪತ್ರ ಕೈಯಲ್ಲಿರಲಿ, ನಾನೇ ಓದುತ್ತೇನೆ

ಎಲ್ಲರಿಗೂ ನಮಸ್ಕಾರ. ನಿಮ್ಮ ಕೈಯಲ್ಲಿ ಎರಡು ಪುಟದ ಪತ್ರ ಇದೆ. ಸದ್ಯಕ್ಕೆ ಅದನ್ನು ಮಡಚಿ ಇಟ್ಟುಕೊಳ್ಳಿ. ನಾನೇ ಓದುತ್ತೇನೆ. ಬರೆದು ಕೊಟ್ಟಿದ್ದನ್ನೇ ಮತ್ತೆ ಬಾಯಲ್ಲಿ ಯಾಕೆ ಹೇಳಬೇಕು ಅಂತ ನಿಮಗೆ ಅನ್ನಿಸಬಹುದು. ಅದಕ್ಕೆ ಕಾರಣ ಇದೆ, ಆಮೇಲೆ ಹೇಳುತ್ತೇನೆ.

ಪತ್ರ ಶುರುವಾಗುವುದು ಹೀಗೆ: "ನಿಮ್ಮ ಮಗುವಿಗೆ ಓದುವುದು ಕಷ್ಟವಾಗುತ್ತಿದೆ. ಇದು ಡಿಸ್ಲೆಕ್ಸಿಯಾ ಇರಬಹುದು, ಇಲ್ಲದೆಯೂ ಇರಬಹುದು. ಆ ಹೆಸರನ್ನು ನಾನು ಹಚ್ಚುತ್ತಿಲ್ಲ. ತರಗತಿಯಲ್ಲಿ ಕಂಡದ್ದನ್ನು ಹೇಳುತ್ತಿದ್ದೇನೆ."

ಈ ಪತ್ರವನ್ನು ನಾನು ಮೂರು ಸಲ ತಿದ್ದಿದ್ದೇನೆ. ಮೊದಲ ಸಲ ಬರೆದಾಗ ಒಂದು ಸಾಲು ಇತ್ತು: "ಈ ಮಕ್ಕಳಿಗೆ ಅಕ್ಷರಗಳು ಕಣ್ಣ ಮುಂದೆ ಕುಣಿಯುತ್ತವೆ." ಓದಲು ಚೆನ್ನಾಗಿತ್ತು. ಆದರೆ ದಾರಿ ತಪ್ಪಿಸುವ ಸಾಲು ಅದು. ಅದನ್ನು ಓದಿದ ಅಪ್ಪ ಅಮ್ಮ ಮಗುವನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರೆ. ಡಾಕ್ಟರು ಕಣ್ಣು ಸರಿ ಇದೆ ಎನ್ನುತ್ತಾರೆ. ಹಾಗಾದರೆ ಇದು ಸೋಮಾರಿತನವೇ ಅಂತ ಮನೆಯಲ್ಲಿ ತೀರ್ಮಾನ ಆಗುತ್ತದೆ. ಆ ಸಾಲು ತೆಗೆದು ಒಬ್ಬ ಹುಡುಗಿಯ ಕತೆ ಹಾಕಿದೆ.

ನಾಲ್ಕನೇ ತರಗತಿ. ಪಾಠ ಓದು ಅಂದರೆ ಗಡಗಡ ಓದುತ್ತಿದ್ದಳು. ಮೂರು ತಿಂಗಳು ನನಗೇನೂ ಗೊತ್ತಾಗಲಿಲ್ಲ. ಒಂದು ದಿನ ಪುಟದ ನಡುವಿನ ಒಂದು ಪದದ ಮೇಲೆ ಬೆರಳಿಟ್ಟು, "ಇದೊಂದೇ ಓದು" ಅಂದೆ. ಅವಳ ತುಟಿ ಅಲುಗಾಡಿತು. ಸಾಲಿನ ಮೊದಲಿನಿಂದ ಪಿಸುಗುಟ್ಟುತ್ತಾ ಬಂದು, ಆ ಜಾಗ ಸಿಕ್ಕಾಗ ಪದ ಹೇಳಿದಳು. ಅಂದರೆ ಅವಳು ಓದುತ್ತಿರಲಿಲ್ಲ. ಬೇರೆ ಮಕ್ಕಳು ಓದಿದ್ದನ್ನು ಕೇಳಿ ಇಡೀ ಪಾಠವನ್ನು ಬಾಯಿಪಾಠ ಮಾಡಿಕೊಂಡಿದ್ದಳು. ಇಂಥ ಹುಡುಗಿಗೆ ನೆನಪಿನ ಶಕ್ತಿ ಇಲ್ಲ, ಶ್ರದ್ಧೆ ಇಲ್ಲ ಅಂತ ಹೇಳುವುದು ಹೇಗೆ?

ಮಾರನೇ ದಿನ ಅವಳಿಗೆ ಅರ್ಥವಿಲ್ಲದ ಪದಗಳನ್ನು ಬರೆದು ಕೊಟ್ಟೆ. ಸುಮ್ನೆ ನಾನೇ ಕಟ್ಟಿದ ಪದಗಳು. "ಮಸಿಡು", "ತೊಗ್ರಲು" ಅಂತ. ಇವನ್ನು ಯಾರೂ ಬಾಯಿಪಾಠ ಮಾಡಿರುವುದಿಲ್ಲ, ಅಲ್ವಾ? ಅಕ್ಷರ ನೋಡಿ ಸದ್ದು ಹೊರಡಿಸಲೇಬೇಕು. "ತೊಗ್ರಲು" ಅನ್ನು ಅವಳು "ತೊಗಲು" ಎಂದಳು. ಒತ್ತಕ್ಷರ ಬಿಟ್ಟು, ತನಗೆ ಗೊತ್ತಿರುವ ಪದವೊಂದನ್ನು ಅಲ್ಲಿ ಕೂರಿಸಿದಳು. ಆಮೇಲೆ ಪುಸ್ತಕ ಮುಚ್ಚಿಟ್ಟು ಬರೀ ಕಿವಿಯ ಆಟ ಆಡಿದೆವು. "ಮರಳು" ಅನ್ನುವುದರಲ್ಲಿ "ರ" ತೆಗೆದರೆ ಏನು ಉಳಿಯುತ್ತೆ? "ಕವನ" ಅನ್ನುವುದನ್ನು ಹಿಂದಿನಿಂದ ಹೇಳು. ಅವಳ ಓರಗೆಯ ಮಕ್ಕಳು ನಗುತ್ತಾ ಹೇಳುವ ಉತ್ತರಕ್ಕೆ ಅವಳು ಬೆರಳು ಮಡಚಿ, ಕಣ್ಣು ಮುಚ್ಚಿ, ತುಂಬಾ ಹೊತ್ತು ಹೆಣಗಿದಳು. ಗಮನಿಸಿ, ಇಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

ಕೊನೆಗೆ ಅವಳು ಕೇಳಿರದ ಒಂದು ಕತೆ ಓದಿ ಹೇಳಿದೆ. ಯಾರು, ಏನು, ಯಾಕೆ ಅಂತ ಕೇಳಿದ್ದಕ್ಕೆಲ್ಲ ಸರಿಯಾದ ಉತ್ತರ ಬಂತು. ಕತೆಯಲ್ಲಿ ನಾನೇ ಗಮನಿಸದ ಒಂದು ತಪ್ಪನ್ನೂ ಹಿಡಿದಳು.

ಪತ್ರದ ಮುಖ್ಯ ಸಾಲು ಇಲ್ಲಿಂದ ಬಂತು: "ಡಿಸ್ಲೆಕ್ಸಿಯಾ ಎಂದರೆ ಮಾತಿನ ಒಳಗಿನ ಸದ್ದುಗಳನ್ನು ಬಿಡಿಸಿ ಅಕ್ಷರಕ್ಕೆ ಜೋಡಿಸುವ ಕೆಲಸದಲ್ಲಿ ಇರುವ ತೊಡಕು. ಬಹಳಷ್ಟು ಮಕ್ಕಳಲ್ಲಿ ಕಣ್ಣೂ ಸರಿ ಇರುತ್ತದೆ, ಕಿವಿಯೂ ಸರಿ ಇರುತ್ತದೆ. ನಡುವಿನ ಆ ಜೋಡಣೆ ತಡವಾಗುತ್ತದೆ." ಬುದ್ಧಿಗೂ ಇದಕ್ಕೂ ಸಂಬಂಧ ಇಲ್ಲ. ತುಂಬಾ ಚುರುಕಾದ ಮಗುವಿಗೂ ಇರಬಹುದು, ಸಾಧಾರಣ ಮಗುವಿಗೂ ಇರಬಹುದು. ಎರಡನೇ ಸಲ ತಿದ್ದಿದ್ದು ಇದಕ್ಕೇ. "ಇಂಥ ಮಕ್ಕಳೆಲ್ಲ ಒಳಗೆ ಮಹಾ ಪ್ರತಿಭಾವಂತರು" ಅಂತ ಬರೆದಿದ್ದೆ. ಸಮಾಧಾನಕ್ಕೆ ಬರೆದದ್ದು. ನಿಜ ಅಲ್ಲ, ಅಳಿಸಿದೆ. ಒಂದು ಮಗುವಿನ ತಲೆ ಮೇಲೆ ಎರಡು ಹೊರೆ ಯಾಕೆ?

ಇದು ಹೊಸದಾಗಿ ಹುಟ್ಟಿಕೊಂಡ ಕಾಯಿಲೆ, ನಮ್ಮ ಕಾಲದಲ್ಲಿ ಇರಲಿಲ್ಲ ಅನ್ನುವವರಿದ್ದಾರೆ. 1896ರಲ್ಲಿ ಪ್ರಿಂಗಲ್ ಮಾರ್ಗನ್ ಎಂಬ ಇಂಗ್ಲಿಷ್ ವೈದ್ಯರು 14 ವರ್ಷದ ಪರ್ಸಿ ಎಂಬ ಹುಡುಗನ ಬಗ್ಗೆ ವೈದ್ಯ ಪತ್ರಿಕೆಯೊಂದರಲ್ಲಿ ಬರೆದರು. ಆಟದಲ್ಲಿ ಚುರುಕು, ಮಾತಿನಲ್ಲಿ ಜಾಣ, ಕಣ್ಣು ಚೆನ್ನಾಗಿದೆ. ಅಂಕಿಗಳನ್ನು ಸಲೀಸಾಗಿ ಓದುತ್ತಿದ್ದ. ಪದ ಮಾತ್ರ ಆಗದು. ತನ್ನ ಹೆಸರನ್ನೇ "ಪ್ರೆಸಿ" ಎಂದು ಬರೆದ. ರಕಾರ ಜಾಗ ಬದಲಿಸಿತ್ತು, ಅದು ಅವನಿಗೆ ಗೊತ್ತೂ ಆಗಲಿಲ್ಲ. ಕಣ್ಣೇ ಮಂಜಾಗಿದ್ದರೆ ಅಂಕಿಯೂ ಮಂಜಾಗಬೇಕಿತ್ತಲ್ಲವೇ? (ಡಿಸ್ಲೆಕ್ಸಿಯಾ ಇರುವ ಎಷ್ಟೋ ಮಕ್ಕಳಿಗೆ ಮಗ್ಗಿ ಬಾಯಿಗೆ ಬರುವುದು ಕಷ್ಟ. ಹಾಗಾಗಿ ಲೆಕ್ಕ ಚೆನ್ನಾಗಿ ಮಾಡುತ್ತಾರೆ ಅನ್ನುವುದನ್ನೇ ಗುರುತು ಅಂತ ಹಿಡಿಯಬೇಡಿ.)

ಆದರೂ ಕಣ್ಣು, ಕಿವಿ ಎರಡನ್ನೂ ಮೊದಲು ತೋರಿಸಿ. ಕನ್ನಡಕ ಬೇಕಿದ್ದರೆ ಹಾಕಿಸಿ. ಅದು ಕಣ್ಣಿಗೆ. ಡಿಸ್ಲೆಕ್ಸಿಯಾಗೆ ಅಂತ ಬಣ್ಣದ ಗಾಜು, ಕಣ್ಣಿನ ಕಸರತ್ತು ಮಾರುವವರಿದ್ದಾರೆ. ಅಮೆರಿಕದ ಮಕ್ಕಳ ವೈದ್ಯರ ಮತ್ತು ಕಣ್ಣಿನ ವೈದ್ಯರ ಸಂಘಗಳು ಒಟ್ಟಿಗೆ ಕೂತು, ಇವುಗಳಿಂದ ಪ್ರಯೋಜನ ಇದೆ ಅನ್ನಲು ಆಧಾರ ಇಲ್ಲ ಅಂತ 2009ರಲ್ಲೇ ಹೇಳಿವೆ. ಅಕ್ಷರ ತಿರುಗಾಮುರುಗಾ ಬರೆಯುವುದೂ ಅಷ್ಟೇ. ಆರೇಳು ವರ್ಷದವರೆಗೆ ಬಹಳಷ್ಟು ಮಕ್ಕಳು ಹಾಗೆ ಬರೆಯುತ್ತಾರೆ. ಮನೆ ಮಾತಿನಂತೆ "ಹಾಲು" ಅನ್ನುವುದನ್ನು "ಆಲು" ಎಂದು ಬರೆದ ಮಗುವಿಗೂ ಏನೂ ಆಗಿಲ್ಲ. ಅದು ಕೇಳಿದ್ದನ್ನು ಸರಿಯಾಗಿಯೇ ಬರೆದಿದೆ.

ಹಾಗಾದರೆ ಯಾವ ತಪ್ಪು ನೋಡಬೇಕು? ಆ ಹುಡುಗಿಯ ನೋಟ್‌ಬುಕ್ಕಿನ ಒಂದೇ ಪುಟದಲ್ಲಿ "ಪುಸ್ತಕ" ಮೂರು ಥರ ಇತ್ತು: ಪುತಕ, ಪುಸತಕ, ಪುಸ್ಕತ. ಒಂದೇ ತಪ್ಪು ಮೂರು ಸಲ ಬಂದಿದ್ದರೆ ಯಾರೋ ತಪ್ಪಾಗಿ ಕಲಿಸಿದ್ದಾರೆ ಅನ್ನಬಹುದು. ಪ್ರತಿ ಸಲ ಬೇರೆ ತಪ್ಪು ಎಂದರೆ ಆ ಪದದ ಸದ್ದಿನ ಚಿತ್ರ ಒಳಗೆ ಗಟ್ಟಿಯಾಗಿ ಕೂತಿಲ್ಲ. ನಮ್ಮ ಲಿಪಿಯ ಒಂದು ಕಷ್ಟ ಇಲ್ಲಿ ಸೇರಿಕೊಳ್ಳುತ್ತದೆ. ಬಾಯಲ್ಲಿ ನಿಧಾನವಾಗಿ ಹೇಳಿ ನೋಡಿ: ಪುಸ್, ತ, ಕ. ಬರೆಯುವಾಗ ಮಾತ್ರ ಪು, ಸ್ತ, ಕ. ಕಿವಿ ಒಂದು ಕಡೆ ಒಡೆಯುತ್ತದೆ, ಅಕ್ಷರ ಇನ್ನೊಂದು ಕಡೆ. ಎಲ್ಲ ಮಕ್ಕಳೂ ಇಲ್ಲಿ ಒಮ್ಮೆ ಎಡವುತ್ತಾರೆ. ಹೆಚ್ಚಿನವರು ತಾವಾಗಿಯೇ ದಾಟುತ್ತಾರೆ. ಇವಳಿಗೆ ಆಗಲಿಲ್ಲ.

ಮನೆಯಲ್ಲಿ ಅವರಮ್ಮ ಮಾಡಿದ್ದು ನಾವೆಲ್ಲ ಮಾಡುವುದನ್ನೇ. "ಹತ್ತು ಸಲ ಬರಿ." ಅವಳು ಬರೆದಳು. ಹೇಗೆ ಗೊತ್ತಾ? ಮೊದಲು ಮೇಲಿಂದ ಕೆಳಗೆ ಹತ್ತು "ಪು". ಆಮೇಲೆ ಪಕ್ಕದಲ್ಲಿ ಹತ್ತು "ಸ್ತ". ಆಮೇಲೆ ಹತ್ತು "ಕ". ಪುಟ ಮುದ್ದಾಗಿತ್ತು. "ಪುಸ್ತಕ" ಅನ್ನುವ ಪದವನ್ನು ಅವಳು ಒಂದು ಸಲವೂ ಬರೆದಿರಲಿಲ್ಲ.

ಅದಕ್ಕೆ ಪತ್ರದಲ್ಲಿ ಹೀಗೆ ಹಾಕಿದ್ದೇನೆ: "ಹತ್ತು ಸಲ ಬರೆಸಬೇಡಿ. ಪದವನ್ನು ಹೇಳಿಸಿ. ಒಂದೊಂದು ತುಂಡಿಗೆ ಒಂದೊಂದು ಅಂಗಿ ಗುಂಡಿ ಇಡಿಸಿ. ಹೇಳುತ್ತಾ ಹೇಳುತ್ತಾ ಬರೆಸಿ. ಬರೆದದ್ದನ್ನು ಬೆರಳಿಟ್ಟು ಓದಿಸಿ. ದಿನಕ್ಕೆ ನಾಲ್ಕೈದು ಪದ, ಕಾಲು ಗಂಟೆ ಸಾಕು. ಅದೇ ಪದಗಳನ್ನು ಮಾರನೇ ದಿನ, ಮತ್ತೆ ಮುಂದಿನ ವಾರ ಕೇಳಿ." ಶಾಲೆಯಲ್ಲಿ ನಾನೂ ಮೂರ್ನಾಲ್ಕು ಮಕ್ಕಳನ್ನು ಕೂರಿಸಿಕೊಂಡು ಇದನ್ನೇ ಮಾಡುತ್ತೇನೆ. ಸುಲಭದ ಪದದಿಂದ ಒತ್ತಕ್ಷರದವರೆಗೆ, ಒಂದು ಗಟ್ಟಿಯಾಗದೆ ಇನ್ನೊಂದಕ್ಕೆ ಹೋಗದೆ. ಮೂರ್ನಾಲ್ಕು ತಿಂಗಳು. ಕೆಲವು ಮಕ್ಕಳು ಅಷ್ಟರಲ್ಲಿ ಉಳಿದವರನ್ನು ಹಿಡಿದುಬಿಡುತ್ತಾರೆ. ಶಾಲೆ ತಪ್ಪಿಸಿದ್ದು, ಮನೆಯಲ್ಲಿ ಬೇರೆ ಭಾಷೆ ಇದ್ದದ್ದು ಅಂಥವರ ಕಷ್ಟ. ಇಷ್ಟು ಕಲಿಸಿದ ಮೇಲೂ ತೆವಳುತ್ತಲೇ ಇದ್ದರೆ, ಆಗ ಮಕ್ಕಳ ಕಲಿಕೆಯನ್ನು ಪರೀಕ್ಷಿಸುವ ಮನಶ್ಶಾಸ್ತ್ರಜ್ಞರ ಹತ್ತಿರ ಕಳಿಸುತ್ತೇನೆ. ಹೆಸರು ಇಡುವುದು ಅವರ ಕೆಲಸ. ರಕ್ತ ಪರೀಕ್ಷೆ, ಸ್ಕ್ಯಾನ್ ಯಾವುದರಲ್ಲೂ ಇದು ಸಿಗುವುದಿಲ್ಲ. ಮಾತ್ರೆಯೂ ಇಲ್ಲ.

ಆ ಹುಡುಗಿ ಈಗ ಏಳನೇ ತರಗತಿ. ಹೊಸ ಪದ ಬಂದರೆ ನಿಲ್ಲುತ್ತಾಳೆ, ಒಡೆಯುತ್ತಾಳೆ, ಓದುತ್ತಾಳೆ. ತಪ್ಪು ಕಡಿಮೆ. ಆದರೆ ನಿಧಾನ. ಬೇರೆಯವರು ಒಂದು ಪುಟ ಮುಗಿಸುವಷ್ಟರಲ್ಲಿ ಅವಳದು ಅರ್ಧ ಆಗಿರುತ್ತದೆ. ಈ ನಿಧಾನ ದೊಡ್ಡವಳಾದ ಮೇಲೂ ಸ್ವಲ್ಪ ಉಳಿಯುತ್ತದೆ ಅಂತ ಅವರಮ್ಮನಿಗೆ ಮೊದಲೇ ಹೇಳಿದ್ದೇನೆ. ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೇಳುವುದು ಇದಕ್ಕೇ.

ಈಗ ಆ ಕಾರಣ ಹೇಳುತ್ತೇನೆ. ಈ ಪತ್ರವನ್ನು ಮೊದಲ ವರ್ಷ ಅವಳ ಅಪ್ಪನ ಕೈಗೆ ಕೊಟ್ಟಿದ್ದೆ. ಅವರು ಒಂದು ಸಲ ಮೇಲಿಂದ ಕೆಳಗೆ ಕಣ್ಣಾಡಿಸಿ ಜೇಬಿಗೆ ಹಾಕಿಕೊಂಡರು. "ಕನ್ನಡಕ ತಂದಿಲ್ಲ ಮೇಡಂ, ಮನೇಲಿ ನೋಡ್ತೀನಿ" ಅಂದರು. ಮುಂದಿನ ಸಲವೂ ಕನ್ನಡಕ ಮರೆತಿತ್ತು. ಮೂರನೇ ಸಲ ಪತ್ರವನ್ನು ನಾನೇ ಓದಿ ಹೇಳಿದೆ. ಸಾಲಿನ ಮೊದಲಿನಿಂದ ಪಿಸುಗುಟ್ಟುತ್ತಾ ಅವಳು ಆ ಪದಕ್ಕೆ ಬರುವ ಭಾಗ ಬಂದಾಗ ಅವರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. "ನಾನೂ ಹಂಗೇ ಮಾಡ್ತಿದ್ದೆ ಮೇಡಂ. ಈಗಲೂ ಕಾಗದ ಪತ್ರ ಎಲ್ಲ ನಮ್ಮ ಮನೆಯವರೇ ಓದೋದು" ಅಂದರು.

ಡಿಸ್ಲೆಕ್ಸಿಯಾ ಮನೆತನದಲ್ಲಿ ಹರಿದು ಬರುತ್ತದೆ. ಅಪ್ಪನಿಗೋ ಅಮ್ಮನಿಗೋ ಇದ್ದರೆ ಮಕ್ಕಳಿಗೆ ಇರುವ ಸಾಧ್ಯತೆ ಜಾಸ್ತಿ. ಇದು ನನಗೆ ಗೊತ್ತಿದ್ದ ವಿಷಯವೇ. ಗೊತ್ತಿದ್ದೂ ಅದನ್ನು ಒತ್ತೊತ್ತಾಗಿ ಎರಡು ಪುಟ ಬರೆದು, ಓದಿಕೊಳ್ಳಿ ಅಂತ ಅವರ ಕೈಗೆ ಕೊಟ್ಟಿದ್ದೆ. ಮೂರನೇ ಸಲ ತಿದ್ದಿದಾಗ ಅಕ್ಷರ ದೊಡ್ಡದು ಮಾಡಿದೆ, ಸಾಲುಗಳ ನಡುವೆ ಜಾಗ ಬಿಟ್ಟೆ, ಆಮೇಲೆ ಈ ಸಭೆ ಕರೆದೆ.

ಪತ್ರದ ಕೊನೆಯಲ್ಲಿ ಒಂದು ಚೀಟಿ ಇದೆ. ನಿಮ್ಮ ಮನೆಯಲ್ಲಿ ಬೇರೆ ಯಾರಿಗಾದರೂ ಓದುವುದು ಕಷ್ಟ ಇತ್ತೇ, ಮಗು ಮಾತು ಕಲಿತದ್ದು ಯಾವಾಗ, ಕಣ್ಣು ಕಿವಿ ತೋರಿಸಿದ್ದೀರಾ ಅಂತ ಮೂರು ಪ್ರಶ್ನೆ. ಅದನ್ನು ಯಾರೂ ತುಂಬಿ ಕೊಡಬೇಕಾಗಿಲ್ಲ. ಸಭೆ ಮುಗಿದ ಮೇಲೆ ನಾನು ಆ ಕಿಟಕಿ ಪಕ್ಕ ಕೂತಿರುತ್ತೇನೆ. ಒಬ್ಬೊಬ್ಬರಾಗಿ ಬಂದು ಬಾಯಲ್ಲಿ ಹೇಳಿ, ನಾನೇ ಬರೆದುಕೊಳ್ಳುತ್ತೇನೆ.